ಮುಪ್ಪು ವಾಚಿಗೋ, ಬ್ಯಾಟರಿಗೋ?

2022ರ ಗಣೇಶ ಹಬ್ಬದ ರಿಯಾಯಿತಿಯಲ್ಲಿ ಮೊದಲ ಪೀಳಿಗೆಯ ಆ್ಯಪಲ್ ವಾಚ್ ಎಸ್‌ಇ ಕೊಂಡೆ. ಈಗ ಬೆಳಿಗ್ಗೆ ಆರಕ್ಕೆ ಕಟ್ಟಿಕೊಂಡರೆ ಸಂಜೆ ನಾಲ್ಕೂವರೆಗೆ ಆರಿಹೋಗುತ್ತದೆ. ಬ್ಯಾಟರಿಯ ಆರೋಗ್ಯ 79% ಎಂದು ತೋರಿಸುತ್ತದೆ. ಹೊಸ ಅಪ್‌ಡೇಟ್ ಕೂಡ ಬರುತ್ತಿಲ್ಲ. ಬ್ಯಾಟರಿ ಹಾಕಿಸಲೇ, ಹೊಸ ವಾಚ್ ಕೊಳ್ಳಲೇ?
— ಶಿಕ್ಷಕಿ, ಬಳ್ಳಾರಿ

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ, ಆದರೆ ಅಂಕಿಗಳನ್ನು ಬರೆದು ಕಳಿಸುವವರು ವಿರಳ. ನೀವು ಬರೆದಿದ್ದೀರಿ, ಆದ್ದರಿಂದ ಲೆಕ್ಕ ಹಾಕಿಯೇ ಉತ್ತರಿಸುತ್ತೇನೆ.

ನಿಮ್ಮ ವಾಚ್ ಹೊಸದಿದ್ದಾಗ ಅದಕ್ಕೆ ಕಂಪನಿ ಹೇಳಿದ್ದ ಅವಧಿ 18 ಗಂಟೆ, ಅದೂ ಒಂದು ಗಂಟೆಯ ವ್ಯಾಯಾಮವನ್ನು ಸೇರಿಸಿ. ಬ್ಯಾಟರಿಯ ಧಾರಣಶಕ್ತಿ 79%ಕ್ಕೆ ಇಳಿದಿದ್ದರೆ ಉಳಿಯಬೇಕಾದದ್ದು ಸುಮಾರು 14 ಗಂಟೆ. ಅಂದರೆ ಬೆಳಿಗ್ಗೆ ಆರಕ್ಕೆ ಕಟ್ಟಿಕೊಂಡ ವಾಚ್ ರಾತ್ರಿ ಎಂಟರವರೆಗೆ ನಡೆಯಬೇಕು, ಆದರೆ ನಿಮ್ಮದು ಹತ್ತೂವರೆ ಗಂಟೆಗೇ ನಿಲ್ಲುತ್ತಿದೆ. ಕಳೆದುಹೋದ ಏಳೂವರೆ ಗಂಟೆಗಳಲ್ಲಿ ನಾಲ್ಕು ಗಂಟೆ ಬ್ಯಾಟರಿಯ ಮುಪ್ಪಿನ ಪಾಲು, ಉಳಿದ ಮೂರೂವರೆ ಗಂಟೆಯನ್ನು ಬೇರೇನೋ ತಿನ್ನುತ್ತಿದೆ. ಅದನ್ನು ಹುಡುಕದೆ ಹೊಸ ಬ್ಯಾಟರಿ ಹಾಕಿಸಿದರೆ ಅದರಲ್ಲೂ ಅದೇ ಸೋರಿಕೆ ಮುಂದುವರಿಯುತ್ತದೆ.

ಮೊದಲು ಬ್ಯಾಟರಿಯ ಪಾಲನ್ನೇ ನೋಡೋಣ. ಆ್ಯಪಲ್ ತನ್ನ ವಾಚಿನ ಬ್ಯಾಟರಿಯನ್ನು 1000 ಪೂರ್ಣ ಚಾರ್ಜ್ ಆವೃತ್ತಿಗಳ ನಂತರವೂ 80% ಧಾರಣಶಕ್ತಿ ಉಳಿಯುವಂತೆ ರೂಪಿಸಿರುವುದಾಗಿ ಹೇಳುತ್ತದೆ. ಒಂದು ಆವೃತ್ತಿ ಎಂದರೆ ಒಮ್ಮೆ ಚಾರ್ಜರಿಗೆ ಇಟ್ಟದ್ದಲ್ಲ, ಒಟ್ಟು 100% ಬಳಸಿ ತುಂಬಿಸಿದ್ದು. ದಿನಕ್ಕೆ 80% ಬಳಸುವವರಿಗೆ ವರ್ಷಕ್ಕೆ ಸುಮಾರು 290 ಆವೃತ್ತಿ, ಮೂರು ವರ್ಷಕ್ಕೆ 870ರ ಆಸುಪಾಸು ಆಗುತ್ತದೆ. ನಿಮ್ಮ ಬ್ಯಾಟರಿ ಸ್ವಲ್ಪ ಮುಂಚೆಯೇ ಈ ಗಡಿ ಮುಟ್ಟಿದೆ, ಆದರೆ ಬಳ್ಳಾರಿಯ ಬೇಸಿಗೆಯನ್ನು ನೆನೆದರೆ ಇದು ಅಚ್ಚರಿಯಲ್ಲ. ವಾಚನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ಕಂಪನಿಯೇ ಹೇಳುತ್ತದೆ, ನಿಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಮಿತಿಯನ್ನು ಸಲೀಸಾಗಿ ದಾಟುತ್ತದೆ. ಲಿಥಿಯಂ ಬ್ಯಾಟರಿಯನ್ನು ಬೇಗ ಸವೆಸುವುದು ಶಾಖ, ಅದರಲ್ಲೂ ಪೂರ್ತಿ ತುಂಬಿದ ಸ್ಥಿತಿಯಲ್ಲಿ ತಗಲುವ ಶಾಖ. ಬಿಸಿಲು ಬೀಳುವ ಕಿಟಕಿಯಲ್ಲೋ ರೌಟರಿನ ಮೇಲೋ ಇಟ್ಟು ಚಾರ್ಜ್ ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಇನ್ನು ಆ ಮೂರೂವರೆ ಗಂಟೆ. ಶಿಕ್ಷಕಿಯೆಂದು ಬರೆದಿದ್ದೀರಿ. ಫೋನನ್ನು ಸಿಬ್ಬಂದಿ ಕೊಠಡಿಯಲ್ಲಿ ಬಿಟ್ಟು ತರಗತಿಗೆ ಹೋಗುತ್ತೀರಾ? ಬ್ಲೂಟೂತ್ ಕಡಿದಾಗ ವಾಚ್ ಫೋನನ್ನು ಹುಡುಕುತ್ತಲೇ ಇರುತ್ತದೆ, ಪರಿಚಿತ ವೈಫೈ ಸಿಕ್ಕರೆ ಅದರ ಮೂಲಕ ಸಂಪರ್ಕ ಇಟ್ಟುಕೊಳ್ಳುತ್ತದೆ, ಇವೆರಡಕ್ಕೂ ಹೆಚ್ಚು ವಿದ್ಯುತ್ ಬೇಕು. ಎರಡನೆಯ ಶಂಕಿತ, ಮೂರು ವರ್ಷದಲ್ಲಿ ಸದ್ದಿಲ್ಲದೆ ಸೇರಿಕೊಂಡ ಆ್ಯಪ್‌ಗಳು. ಫೋನಿನ Watch ಆ್ಯಪ್‌ನಲ್ಲಿ General, ಅದರೊಳಗೆ Background App Refresh ತೆರೆದು, ಹವಾಮಾನದಂತಹ ಒಂದೆರಡನ್ನು ಬಿಟ್ಟು ಉಳಿದವನ್ನು ನಿಲ್ಲಿಸಿ. ಅದಾದ ಮೇಲೂ ಬದಲಾಗದಿದ್ದರೆ ವಾಚನ್ನು ಫೋನಿನಿಂದ ಬೇರ್ಪಡಿಸಿ ಮತ್ತೆ ಜೋಡಿಸಿ. ಜೋಡಿಸಿದ ಮೊದಲ ದಿನ ದತ್ತಾಂಶ ಮರುಹೊಂದಾಣಿಕೆಗೇ ಹೆಚ್ಚು ಬ್ಯಾಟರಿ ಹೋಗುವುದರಿಂದ ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನ ಮೂರು ದಿನ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಎಷ್ಟು ಶೇಕಡಾ ಇದೆಯೆಂದು ಕಾಗದದ ಮೇಲೆ ಬರೆದಿಡಿ.

ಆ ಅಂಕಿಗಳು ಮೂರರಲ್ಲಿ ಒಂದು ಕಥೆ ಹೇಳುತ್ತವೆ. ಇಳಿಕೆ ಸಮನಾಗಿದ್ದು ವಾಚ್ ರಾತ್ರಿ ಎಂಟರ ಹತ್ತಿರ ತಲುಪಿದರೆ ಬ್ಯಾಟರಿ ತನ್ನ ವಯಸ್ಸಿಗೆ ತಕ್ಕಂತೆ ಕೆಲಸ ಮಾಡುತ್ತಿದೆ, ಸಂಜೆ ಸ್ನಾನಕ್ಕೆ ಹೋಗುವಾಗ ಅರ್ಧ ಗಂಟೆ ಚಾರ್ಜರಿಗಿಟ್ಟರೆ ಮಲಗುವವರೆಗೆ ಸಾಕಾಗುತ್ತದೆ, ಹಣ ಖರ್ಚು ಮಾಡಬೇಕಿಲ್ಲ. 25% ತೋರಿಸುತ್ತಿದ್ದ ವಾಚ್ ನಡಿಗೆ ಆರಂಭಿಸಿ ಜಿಪಿಎಸ್ ಚಾಲೂ ಆದೊಡನೆ ಥಟ್ಟನೆ ಆರಿದರೆ ಬ್ಯಾಟರಿಯ ಒಳರೋಧ ಏರಿದೆ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಆಗ 79% ಎಂಬ ಅಂಕಿಯನ್ನು ನಂಬಿ ಕೂರಬಾರದು. ಇಳಿಕೆ ಸಮನಾಗಿದ್ದೂ ನಾಲ್ಕೂವರೆಗೇ ಮುಗಿಯುತ್ತಿದ್ದರೆ ಸೋರಿಕೆ ಇನ್ನೂ ಸಿಕ್ಕಿಲ್ಲ ಎಂದರ್ಥ, ವಾಚನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಿ.

ಅಪ್‌ಡೇಟ್ ವಿಚಾರದಲ್ಲಿ ನೀವು ಮೋಸಹೋಗಿಲ್ಲ, ಕೊಂಡ ಹೊತ್ತು ಸರಿಯಿರಲಿಲ್ಲ. ತಂತ್ರಾಂಶದ ಬೆಂಬಲವನ್ನು ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಹೊರಬಂದ ದಿನದಿಂದ. ನಿಮ್ಮ ಎಸ್‌ಇ ಬಂದದ್ದು ಸೆಪ್ಟೆಂಬರ್ 2020ರಲ್ಲಿ. ನೀವು ಕೊಂಡ ಬೆನ್ನಲ್ಲೇ, ಸೆಪ್ಟೆಂಬರ್ 2022ರಲ್ಲಿ ಎರಡನೆಯ ಪೀಳಿಗೆ ಬಂತು. ಸೆಪ್ಟೆಂಬರ್ 2024ರ ವಾಚ್‌ಓಎಸ್ 11 ನಿಮ್ಮದನ್ನೂ ಸೀರೀಸ್ 4 ಮತ್ತು 5ನ್ನೂ ಕೈಬಿಟ್ಟಿತು. ಮಾದರಿಗೆ ನಾಲ್ಕು ವರ್ಷ ಸಿಕ್ಕಿತು, ನಿಮಗೆ ಎರಡೇ ವರ್ಷ. ಹಬ್ಬದ ರಿಯಾಯಿತಿಯ ಒಳಗುಟ್ಟು ಸಾಮಾನ್ಯವಾಗಿ ಇಷ್ಟೇ.

ಹಾಗೆಂದು ವಾಚ್ ನಾಳೆಯೇ ನಿಲ್ಲುವುದಿಲ್ಲ. ಹೆಜ್ಜೆ, ನಾಡಿಮಿಡಿತ, ಬಿದ್ದಾಗ ಗುರುತಿಸುವ ಸೌಲಭ್ಯ, ಫೋನಿನಿಂದ ಬರುವ ಸೂಚನೆ, ಇವು ಇಂದು ಇದ್ದಂತೆಯೇ ನಡೆಯುತ್ತವೆ. ಮೊದಲು ಕೈಕೊಡುವುದು ಹೊರಗಿನವರ ಆ್ಯಪ್‌ಗಳು, ಏಕೆಂದರೆ ಅವುಗಳ ತಯಾರಕರು ತಮಗೆ ಬೇಕಾದ ಕನಿಷ್ಠ ವಾಚ್‌ಓಎಸ್‌ನ ಮಿತಿಯನ್ನು ವರ್ಷ ವರ್ಷ ಏರಿಸುತ್ತಾರೆ. ನಂತರ ಚಿಂತಿಸಬೇಕಾದದ್ದು ಸುರಕ್ಷತೆ. ನಾನು ಸ್ವಭಾವತಃ ಅಂಜುಬುರುಕ, ಬೆಂಬಲ ನಿಂತ ವಾಚಿನಿಂದ ಫೋನಿನ ಬೀಗ ತೆಗೆಯುವ ಸೌಲಭ್ಯವನ್ನು ನಿಲ್ಲಿಸಿಯೇ ಬಿಡುತ್ತೇನೆ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಸೋರಿಕೆ ಸಿಕ್ಕಿ ವಾಚ್ ರಾತ್ರಿ ಎಂಟನ್ನು ಮುಟ್ಟಿದರೆ ಬಳಸುತ್ತಾ ಹೋಗಿ. ಥಟ್ಟನೆ ಆರುವ ವಾಚಾದರೆ ಅಧಿಕೃತ ಕೇಂದ್ರದಲ್ಲಿ ಬ್ಯಾಟರಿಯ ದರ ಕೇಳಿ, ಆ ಮೊತ್ತವನ್ನು ಎರಡರಿಂದ ಭಾಗಿಸಿ, ಏಕೆಂದರೆ ಈ ವಾಚಿಗೆ ಎರಡು ವರ್ಷಕ್ಕಿಂತ ಹೆಚ್ಚಿನ ಭರವಸೆ ನಾನು ಕೊಡಲಾರೆ. ಹೊಸ ವಾಚಿನ ಬೆಲೆಯನ್ನು ಅದರ ಮಾದರಿಗೆ ಉಳಿದಿರಬಹುದಾದ ಬೆಂಬಲದ ವರ್ಷಗಳಿಂದ ಭಾಗಿಸಿ. ಯಾವುದು ಕಡಿಮೆಯೋ ಅದು. ರಸ್ತೆಬದಿಯ ಅಂಗಡಿಯ ಅಗ್ಗದ ಬ್ಯಾಟರಿಯನ್ನು ಈ ಲೆಕ್ಕಕ್ಕೆ ಸೇರಿಸಲೇಬೇಡಿ. ಪರದೆಯನ್ನು ಎಬ್ಬಿಸಿ ಮತ್ತೆ ಅಂಟಿಸಿದ ವಾಚ್ ನೀರು ತಡೆಯುತ್ತದೆಂದು ಹೇಳುವವರಿಗೆ ಅದನ್ನು ಕಟ್ಟಿಕೊಂಡು ಈಜಲು ಹೇಳಿ ನೋಡಿ.

ತಿಂಗಳಿಗೊಮ್ಮೆ ಸೊನ್ನೆಗೆ ಇಳಿಸಿ ತುಂಬಿಸಿದರೆ ಬ್ಯಾಟರಿ ಗಟ್ಟಿಯಾಗುತ್ತದಂತೆ, ನಿಜವೇ?
— ಓದುಗ, ಹಾಸನ

ಅದು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಅದು ಔಷಧವಲ್ಲ, ಸವೆತ.

ನನ್ನ ವಾಚ್ ಹತ್ತು ದಿನಕ್ಕೊಮ್ಮೆ ಚಾರ್ಜ್ ಕೇಳುತ್ತದೆ. ಹಾಗಾದರೆ ಇಪ್ಪತ್ತು ವರ್ಷ ಬಾಳುವುದೇ?
— ಓದುಗ, ಶಿರಸಿ

ಬಾಳುವುದಿಲ್ಲ. ವರ್ಷಕ್ಕೆ 36 ಆವೃತ್ತಿ ಮಾತ್ರ ಆಗುವುದರಿಂದ ಎಣಿಕೆ ನಿಮ್ಮ ಪರ ಇದೆ, ಆದರೆ ಬ್ಯಾಟರಿ ಬಳಸದಿದ್ದರೂ ಕಾಲಕ್ರಮೇಣ ಮುದಿಯಾಗುತ್ತದೆ.

ಪರದೆಯ ಒಂದು ಅಂಚು ಮೇಲೆದ್ದಿದೆ. ಗೋಂದು ಹಾಕಿ ಒತ್ತಿ, ರಬ್ಬರ್ ಬ್ಯಾಂಡ್ ಬಿಗಿದು ಚಾರ್ಜಿಗೆ ಇಟ್ಟಿದ್ದೇನೆ. ಎಷ್ಟು ಹೊತ್ತು ಬಿಡಬೇಕು?
— ಓದುಗ, ತುಮಕೂರು

ಒಂದು ನಿಮಿಷವೂ ಬಿಡಬೇಡಿ! ಪರದೆಯನ್ನು ಎಬ್ಬಿಸುತ್ತಿರುವುದು ಬಹುತೇಕ ಒಳಗೆ ಅನಿಲ ತುಂಬಿ ಊದಿಕೊಂಡ ಬ್ಯಾಟರಿ, ಅದನ್ನು ಒತ್ತಿದರೆ ಬೆಂಕಿ ಹೊತ್ತಬಹುದು. ಚಾರ್ಜರಿನಿಂದ ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಬಟ್ಟೆ ಕಾಗದಗಳಿಂದ ದೂರ ಬರಿಯ ನೆಲದ ಮೇಲಿಡಿ. ಮತ್ತೆ ಚಾರ್ಜ್ ಮಾಡದೆ ಸೇವಾ ಕೇಂದ್ರಕ್ಕೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ.