ವೀಸಾ ತಡವಾದರೆ ಕಾಲೇಜಿಗೆ ಏನೆಂದು ಬರೆಯಬೇಕು?

ಪ್ರಶ್ನೆ: ನಾನು ಬೆಳಗಾವಿಯವನು. ಅಮೆರಿಕದಲ್ಲಿ ನನ್ನ ಎಂ.ಎಸ್. ತರಗತಿ ಆಗಸ್ಟ್ 24ಕ್ಕೆ ಶುರುವಾಗುತ್ತದೆ. ಮುಂಬೈ ವೀಸಾ ಸಂದರ್ಶನದಲ್ಲಿ, ಹೆಚ್ಚಿನ ಪರಿಶೀಲನೆಗಾಗಿ ವೀಸಾ ತಡೆಹಿಡಿದಿದೆ ಎನ್ನುವ 221(ಜಿ) ಚೀಟಿ ಕೊಟ್ಟು ಕಳಿಸಿದ್ದಾರೆ. ಈಗ ಏನು ಮಾಡಲಿ?

ಉತ್ತರ: ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಟ್ಟ ಐ-20 ಪತ್ರದಲ್ಲಿರುವ ಆರಂಭದ ದಿನಾಂಕ ದಾಟುವ ಮೊದಲೇ ಇಮೇಲ್ ಕಳಿಸಿರಿ. ಆ ದಿನಾಂಕವನ್ನು ಬದಲಿಸುವ ಅಧಿಕಾರವು ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯಾದ ಡಿ.ಎಸ್.ಒ. ಅವರಿಗಿದೆಯೇ ಹೊರತು ವಿಭಾಗದ ಸಲಹೆಗಾರರಿಗಿಲ್ಲವಾದ್ದರಿಂದ, ಪತ್ರವು ಇಬ್ಬರಿಗೂ ಒಟ್ಟಿಗೆ ಹೋಗಲಿ. ವಿದ್ಯಾರ್ಥಿ ಸಂಖ್ಯೆ, ಅಮೆರಿಕ ಸರ್ಕಾರದ ವಿದೇಶಿ ವಿದ್ಯಾರ್ಥಿ ದಾಖಲೆಯಾದ ಸೆವಿಸ್‌ನಲ್ಲಿರುವ ನಿಮ್ಮ ಸಂಖ್ಯೆ, ಸಂದರ್ಶನದ ದಿನಾಂಕ ಮತ್ತು ಚೀಟಿಯ ಪ್ರತಿ ಇದ್ದರೆ ಸಾಕು. ಮನೆಯ ಕಷ್ಟದ ಪುರಾಣ ಬೇಡ. ವೀಸಾ ಸ್ಥಿತಿಯ ಪುಟದಲ್ಲಿ Refused ಎಂದು ಕಂಡರೆ ಗಾಬರಿಯಾಗಬೇಡಿ, 221(ಜಿ) ಪರಿಶೀಲನೆ ನಡೆದಿರುವಾಗಲೂ ಹಾಗೆಯೇ ತೋರಿಸುತ್ತದೆ.

ಸಲಹೆಗಾರರಿಗೆ ನೇರವಾಗಿ ಹೀಗೆ ಕೇಳಿ: “ತಡವಾಗಿ ಬರುವವರಿಗೆ ಕೊನೆಯ ದಿನ ಯಾವುದು? ಅಷ್ಟರೊಳಗೆ ತಲುಪದಿದ್ದರೆ ಪ್ರವೇಶವನ್ನು ಜನವರಿಗೆ ಮುಂದೂಡಬಹುದೇ? ಆಗ ನನ್ನ ಶಿಷ್ಯವೇತನ ಉಳಿಯುತ್ತದೆಯೇ?” ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ದುಡ್ಡಿನ ಲೆಕ್ಕ ನಿಂತಿರುವುದೇ ಅದರ ಮೇಲೆ.

ಉದಾಹರಣೆಗೆ, ಅವರು ಸೆಪ್ಟೆಂಬರ್ 4 ಎಂದರೆ, ಅಷ್ಟರೊಳಗೆ ವೀಸಾ ಬಂದರೂ ಹೊಸ ದಿನಾಂಕದ ಐ-20 ಕೈಸೇರದೆ ವಿಮಾನ ಹತ್ತಬೇಡಿ. ಜನವರಿಗೆ ಮುಂದೂಡಿದಾಗ ಅದೇ ಸೆವಿಸ್ ಸಂಖ್ಯೆ ಉಳಿದರೆ ಸೆವಿಸ್‌ಗೆ ಕಟ್ಟಿದ ಐ-901 ಶುಲ್ಕವನ್ನು ಮತ್ತೆ ಕಟ್ಟಬೇಕಾಗಿಲ್ಲ.