ಕೆಮ್ಮಿದಾಗ ಉಬ್ಬುವ ತೊಡೆಸಂದಿನ ಗಂಟು: ನೋವಿಲ್ಲದಿದ್ದರೂ ತೋರಿಸಬೇಕಾ?

ಪ್ರಶ್ನೆ: ವಯಸ್ಸು 46, ಗಂಡಸು. ಬಲಗಡೆ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಕೆಮ್ಮಿದರೆ ದೊಡ್ಡದಾಗುತ್ತೆ, ಮಲಗಿದರೆ ಮಾಯ. ನೋವೇನೂ ಇಲ್ಲ. ಇದು ಹರ್ನಿಯಾನಾ? ಡಾಕ್ಟರ ಹತ್ತಿರ ಹೋಗಲೇಬೇಕಾ?

ಉತ್ತರ:

ಹರ್ನಿಯಾ ಇರುವ ಸಾಧ್ಯತೆಯೇ ಜಾಸ್ತಿ. ಹೋಗಿ ತೋರಿಸಿ, ಆದರೆ ಇವತ್ತು ರಾತ್ರಿಯೇ ಓಡಬೇಕಾಗಿಲ್ಲ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸರ್ಜನ್. ವಾರದಲ್ಲಿ ಇಂಥ ಒಬ್ಬಿಬ್ಬರಾದರೂ ಬಂದೇ ಬರುತ್ತಾರೆ. ಹೆಚ್ಚಿನವರು ನಾಚಿಕೆಯಿಂದ ವರ್ಷಗಟ್ಟಲೆ ಸುಮ್ಮನಿದ್ದು ಬಂದವರು.

ಮೊದಲು ಆ ಜಾಗದಲ್ಲಿ ಯಾಕೆ ಉಬ್ಬುತ್ತದೆ ಅಂತ ಹೇಳುತ್ತೇನೆ. ಗಂಡು ಮಗು ತಾಯಿಯ ಹೊಟ್ಟೆಯಲ್ಲಿರುವಾಗ ವೃಷಣ ಬೆಳೆಯಲು ಶುರುವಾಗುವುದು ಮಗುವಿನ ಹೊಟ್ಟೆಯ ಒಳಗೆ, ಕಿಡ್ನಿಯ ಹತ್ತಿರ. ಹುಟ್ಟುವುದಕ್ಕೆ ಮುಂಚೆ ಅದು ಹೊಟ್ಟೆಯ ಗೋಡೆಯ ಮೂಲಕ ದಾರಿ ಮಾಡಿಕೊಂಡು ಕೆಳಗಿಳಿಯುತ್ತದೆ. ಅದರ ರಕ್ತನಾಳ, ವೀರ್ಯನಾಳ ಎಲ್ಲ ಆ ದಾರಿಯಲ್ಲೇ ಉಳಿಯುತ್ತವೆ. ಹಾಗಾಗಿ ಸುಮಾರು 4 ಸೆಂಟಿಮೀಟರ್ ಉದ್ದದ ಆ ಓಣಿ ಪೂರ್ತಿ ಮುಚ್ಚಿಕೊಳ್ಳುವಂತಿಲ್ಲ. ಗಂಡಸರ ಹೊಟ್ಟೆಯ ಗೋಡೆಯಲ್ಲಿ ಅದು ಹುಟ್ಟಿನಿಂದಲೇ ಬಂದ ದುರ್ಬಲ ಜಾಗ. ವಯಸ್ಸಾದಂತೆ ಅಲ್ಲಿನ ಪದರ ಸಡಿಲವಾಗುತ್ತದೆ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಒಳಗಿನ ಒತ್ತಡ ಏರಿ, ಸವೆದ ಟೈರಿನ ಬಿರುಕಿನಿಂದ ಟ್ಯೂಬು ಇಣುಕಿದ ಹಾಗೆ, ಹೊಟ್ಟೆಯ ಒಳಪದರ ಹೊರಗೆ ಬರುತ್ತದೆ. ಇದೇ ಹರ್ನಿಯಾ. ಅದರ ಜೊತೆ ಕೊಬ್ಬು ಬರಬಹುದು, ಕರುಳೂ ಬರಬಹುದು. ಮಲಗಿದಾಗ ಒತ್ತಡ ಇಳಿದು ಒಳಗೆ ಹೋಗುತ್ತದೆ. ದೊಡ್ಡವರಲ್ಲಿ ಈ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮಾತ್ರೆ, ಎಣ್ಣೆ, ವ್ಯಾಯಾಮ ಯಾವುದೂ ಅದನ್ನು ಮುಚ್ಚುವುದಿಲ್ಲ.

ಇನ್ನು, ಹರ್ನಿಯಾ ಅಂತ ನಿಮಗೇ ಗೊತ್ತಾದ ಮೇಲೂ ಯಾಕೆ ತೋರಿಸಬೇಕು? ಕಾಯಬಹುದಾದ ಹರ್ನಿಯಾ ಯಾವುದು, ಕಾಯಬಾರದ್ದು ಯಾವುದು ಅನ್ನುವುದು ಕೈಯಿಟ್ಟು ನೋಡದೆ ತಿಳಿಯುವುದಿಲ್ಲ. ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಮೊದಲು ನಿಲ್ಲಿಸಿ ನೋಡುತ್ತೇವೆ. ಉಬ್ಬಿನ ಮೇಲೆ ಬೆರಳಿಟ್ಟು ಕೆಮ್ಮಲು ಹೇಳುತ್ತೇವೆ. ಒಳಗಿನಿಂದ ಬೆರಳಿಗೆ ಒಂದು ತಳ್ಳು ಸಿಗುತ್ತದೆ. ಆಮೇಲೆ ಮಲಗಿಸಿ, ಅದು ಪೂರ್ತಿ ಒಳಗೆ ಹೋಗುತ್ತದಾ ಅಂತ ನೋಡುತ್ತೇವೆ. ಮುಖ್ಯವಾಗಿ ಹುಡುಕುವುದು ಜನನಾಂಗದ ಮೇಲ್ಭಾಗದ ಪಕ್ಕದಲ್ಲಿ ಸಿಗುವ ಒಂದು ಸಣ್ಣ ಮೂಳೆಯ ಗುಬ್ಬಿಯನ್ನು. ಉಬ್ಬು ಅದರ ಮೇಲ್ಗಡೆ ಇದ್ದರೆ ಸಾಮಾನ್ಯವಾಗಿ ಈಗ ಹೇಳಿದ ಓಣಿಯ ಹರ್ನಿಯಾ. ಅದರ ಕೆಳಗೆ, ಹೊರಮಗ್ಗುಲಿಗೆ ಇದ್ದರೆ ತೊಡೆಯ ರಕ್ತನಾಳದ ಪಕ್ಕದ ಕಿರಿದಾದ ಸಂದಿನಿಂದ ಬಂದ ಫೆಮೊರಲ್ ಹರ್ನಿಯಾ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಎರಡನೆಯದರ ಬಾಯಿ ಬಿಗಿ, ಕರುಳು ಸಿಕ್ಕಿಹಾಕಿಕೊಳ್ಳುವ ಅಪಾಯ ಬಹಳ ಹೆಚ್ಚು. ಅದು ಹೆಂಗಸರಲ್ಲಿ ಜಾಸ್ತಿ ಕಾಣುತ್ತದೆ.

ಕೆಮ್ಮಿದಾಗ ಉಬ್ಬಿ ಮಲಗಿದಾಗ ಮಾಯವಾಗುವುದೆಲ್ಲ ಹರ್ನಿಯಾ ಅಲ್ಲ ಅನ್ನುವುದೂ ಒಂದಿದೆ. ಕಾಲಿನ ರಕ್ತನಾಳಗಳು ಉಬ್ಬಿರುವವರಲ್ಲಿ ತೊಡೆಸಂದಿನ ಅಭಿಧಮನಿಯೂ ಹೀಗೇ ಮಾಡಬಹುದು. ಮುಟ್ಟಿದರೆ ಮೆತ್ತಗೆ, ಒಮ್ಮೊಮ್ಮೆ ನೀಲಿ ಛಾಯೆ. ಕಾಲಿನ ಗಾಯದಿಂದ ಊದಿದ ಗ್ರಂಥಿಯಾದರೆ ಕೆಮ್ಮಿಗೆ ಜಗ್ಗುವುದಿಲ್ಲ. ಅನುಮಾನ ಉಳಿದರೆ ಮಾತ್ರ ಸ್ಕ್ಯಾನ್. ಸ್ಕ್ಯಾನ್ ರಿಪೋರ್ಟು ಹಿಡಿದುಕೊಂಡೇ ಬರಬೇಕು ಅಂತೇನಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು, ಈ ಒತ್ತಡ ಎಲ್ಲಿಂದ ಬರುತ್ತಿದೆ ಅನ್ನುವ ಪ್ರಶ್ನೆ. ಒಬ್ಬರು ಬಂದಿದ್ದರು, ಅರವತ್ತು ದಾಟಿದ ಹಮಾಲರು. ಮೂಟೆ ಹೊತ್ತೇ ಹೀಗಾಯಿತು ಅಂತ ಅವರ ಲೆಕ್ಕ. ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತ ಕೇಳಿದೆ. ನಾಲ್ಕೈದು ಸಲ ಅಂದರು. ಮೂತ್ರ ಸಣ್ಣದಾಗಿ ಬರುತ್ತಿತ್ತು, ಮುಕ್ಕಿದರೆ ಮಾತ್ರ ಬರುತ್ತಿತ್ತು. ಬೀಡಿಯ ಕೆಮ್ಮು ಬೇರೆ. ಪರೀಕ್ಷೆಯಲ್ಲಿ, ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿತ್ತು. ನೇರವಾಗಿ ಹರ್ನಿಯಾ ಆಪರೇಷನ್‌ಗೆ ತೆಗೆದುಕೊಂಡಿದ್ದರೆ, ಆ ರಾತ್ರಿಯೇ ಮೂತ್ರ ಕಟ್ಟಿ ಟ್ಯೂಬು ಹಾಕಬೇಕಾಗುತ್ತಿತ್ತೇನೋ. ಆಮೇಲೂ ಅದೇ ಮುಕ್ಕುವುದು, ಅದೇ ಕೆಮ್ಮು, ಹೊಲಿದ ಜಾಗದ ಮೇಲೆ. ಅದಕ್ಕೆ ಮೊದಲು ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಅನ್ನುವ ಔಷಧಿ ಶುರು ಮಾಡಿ, ಬೀಡಿ ಬಿಡಿಸಿ, ಕೆಮ್ಮಿಗೆ ಚಿಕಿತ್ಸೆ ಕೊಟ್ಟೆವು. ಮೂತ್ರ ಸಲೀಸಾದ ಮೇಲೆ, ದುರ್ಬಲ ಜಾಗಕ್ಕೆ ಆಸರೆಯಾಗಿ ಜಾಲರಿ ಹಾಕಿ ಆಪರೇಷನ್ ಮಾಡಿದೆವು. ಹರ್ನಿಯಾ ತಾಳಬಲ್ಲದು ಅಂತ ಪರೀಕ್ಷೆಯಲ್ಲಿ ಗೊತ್ತಾಗಿದ್ದರಿಂದಲೇ ಅಷ್ಟು ಪುರಸೊತ್ತು ಸಿಕ್ಕಿತು. ನಿಮಗೆ ಪ್ರಾಸ್ಟೇಟ್ ತೊಂದರೆಯ ವಯಸ್ಸಲ್ಲ. ಆದರೆ ಹಳೆಯ ಕೆಮ್ಮು, ಮಲಬದ್ಧತೆ ಇದ್ದರೆ ಕೇಳದಿದ್ದರೂ ನೀವೇ ಹೇಳಿ.

ನೋವಿಲ್ಲದಿದ್ದರೆ ಆಪರೇಷನ್ ಬೇಕೇ ಬೇಕಾ? ಬೇಕಾಗಿಲ್ಲದಿರಬಹುದು. ತೊಂದರೆ ಅಷ್ಟಾಗಿ ಇಲ್ಲದ ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಬರೀ ನಿಗಾ ಅಂತ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಾದವರಲ್ಲಿ ತುರ್ತು ಆಪರೇಷನ್‌ವರೆಗೆ ಹೋದವರು ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಅವರನ್ನೇ ಮುಂದೆಯೂ ಗಮನಿಸುತ್ತಾ ಹೋದಾಗ, 10 ವರ್ಷ ಆಗುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಮುಖ್ಯ ಕಾರಣ, ನೋವು ಶುರುವಾಗಿದ್ದು. ಅಂದರೆ ಕಾಯಬಹುದು, ಆದರೆ ಹೆಚ್ಚಿನವರ ಪಾಲಿಗೆ ಅದು ಮುಂದೂಡುವುದಷ್ಟೇ. ಈ ಲೆಕ್ಕ ಪೂರ್ತಿ ಒಳಗೆ ಹೋಗುವ, ಗಂಡಸರ ಮಾಮೂಲಿ ಹರ್ನಿಯಾಗೆ ಮಾತ್ರ. ಹೆಂಗಸರಿಗೆ, ಎಳೆಗೂಸುಗಳಿಗೆ, ಫೆಮೊರಲ್ ಹರ್ನಿಯಾಗೆ ಇದನ್ನು ಅನ್ವಯಿಸಬೇಡಿ. ಅವರಲ್ಲಿ ಕಾಯುವುದಿಲ್ಲ.

ಆಪರೇಷನ್ನಿಗೂ ತನ್ನದೇ ತೊಂದರೆ ಇದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ಜಾಗದಲ್ಲಿ ತಿಂಗಳುಗಟ್ಟಲೆ ಏನೋ ಒಂದು ನೋವು ಉಳಿಯುತ್ತದೆ. ಹೆಚ್ಚಿನವರಿಗೆ ಸಣ್ಣದು, ಕೆಲವರಿಗೆ ಅಲ್ಲ. ಬೆಲ್ಟ್ ಬಗ್ಗೆಯೂ ಕೇಳುತ್ತಾರೆ. ಅದು ತೂತು ಮುಚ್ಚುವುದಿಲ್ಲ. ಒಳಗೆ ಹೋಗದ ಉಬ್ಬಿನ ಮೇಲಂತೂ ಕಟ್ಟಲೇಬಾರದು.

ಒಂದು ವೇಳೆ ಉಬ್ಬು ಹಠಾತ್ತನೆ ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ವಾಂತಿ, ಹೊಟ್ಟೆ ಉಬ್ಬರ, ಗಾಳಿ ಹೋಗದಿರುವುದು, ಉಬ್ಬಿನ ಮೇಲಿನ ಚರ್ಮ ಕೆಂಪಾಗುವುದು ಇದ್ದರಂತೂ ಇನ್ನೂ ಬೇಗ ಹೊರಡಿ. ಸಿಕ್ಕಿಹಾಕಿಕೊಂಡ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಆ ತುಂಡು ಸಾಯುತ್ತದೆ. ಆಗ ಜಾಲರಿ ಹಾಕುವ ಆಪರೇಷನ್ ಹೋಗಿ ಕರುಳು ಕತ್ತರಿಸಿ ಜೋಡಿಸುವ ಆಪರೇಷನ್ ಆಗುತ್ತದೆ. ಬಲವಾಗಿ ಒತ್ತಿ ತಳ್ಳಬೇಡಿ, ತಿಕ್ಕಿಸಬೇಡಿ, ಏನೂ ತಿನ್ನಬೇಡಿ, ಕುಡಿಯಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಸದ್ಯಕ್ಕೆ ಈ ಒಂದೆರಡು ವಾರದಲ್ಲಿ ಜನರಲ್ ಸರ್ಜನ್ ಒಬ್ಬರಿಗೆ ತೋರಿಸಿ. ಬೆಳಗ್ಗೆ ಎದ್ದ ತಕ್ಷಣ ಉಬ್ಬು ಕಾಣದೇ ಇರಬಹುದು, ಹಾಗಾಗಿ ಸಾಧ್ಯವಾದರೆ ದಿನವಿಡೀ ಓಡಾಡಿದ ಮೇಲೆ ಸಂಜೆ ಹೋಗಿ. ಅದು ಉಬ್ಬಿರುವಾಗ, ನಿಂತ ಭಂಗಿಯಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡಿರಿ. ಪರೀಕ್ಷೆಯ ಹೊತ್ತಿಗೆ ಅದು ಹೊರಗೆ ಬರದಿದ್ದರೆ ಆ ಫೋಟೊ ನಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.