ಸಂಬಳ ನಿಂತಾಗ ಮೊದಲು ಮಾರಬೇಕಾದ್ದು ಯಾವುದು?

*ನನಗೆ 39 ವರ್ಷ. ಬೆಂಗಳೂರಿನ ಐಟಿ ಕಂಪನಿಯ ಕೆಲಸ ನವೆಂಬರ್ 30ಕ್ಕೆ ಹೋಯಿತು. ಗೃಹಸಾಲದ ಕಂತೂ ಸೇರಿ ಮನೆಗೆ ತಿಂಗಳಿಗೆ 80 ಸಾವಿರ ಬೇಕು. ಜೂನ್‌ನಲ್ಲಿ ಮಗಳ ಸ್ಕೂಲ್ ಫೀ 1.1 ಲಕ್ಷ. ಸೆಟಲ್‌ಮೆಂಟ್ ಬಂದದ್ದು 2.4 ಲಕ್ಷ, ಉಳಿತಾಯ ಖಾತೆಯಲ್ಲಿ 60 ಸಾವಿರ, ಎಫ್‌ಡಿ 3 ಲಕ್ಷ, ಲಿಕ್ವಿಡ್ ಫಂಡ್ 1.2 ಲಕ್ಷ. ಹಳೇ ಕಂಪನಿಯ ಷೇರು 3 ಲಕ್ಷದ್ದಿದೆ. ಕೊಂಡ ಬೆಲೆ 2.4 ಲಕ್ಷ, ಕೊಂಡು ವರ್ಷ ದಾಟಿದೆ. ಎಂಟು ತಿಂಗಳ ಹಿಂದೆ ಐಟಿ ಸೆಕ್ಟರ್ ಫಂಡ್‌ಗೆ ಹಾಕಿದ 2.2 ಲಕ್ಷ ಈಗ 2 ಲಕ್ಷ ಆಗಿದೆ. ಫ್ಲೆಕ್ಸಿಕ್ಯಾಪ್ ಫಂಡ್ 14 ಲಕ್ಷ, ಜೊತೆಗೆ ಪಿಪಿಎಫ್, ಇಪಿಎಫ್. ಮೂರು ಎಸ್‌ಐಪಿಗೆ ತಿಂಗಳಿಗೆ 35 ಸಾವಿರ ಹೋಗುತ್ತದೆ, ನಿಲ್ಲಿಸಬೇಕಾ? ಲಾಭದಲ್ಲಿರುವ ಫ್ಲೆಕ್ಸಿಕ್ಯಾಪ್ ಮಾರಿ, ನಷ್ಟದ್ದನ್ನು ಬಿಡೋಣ ಅಂತಿದ್ದೇನೆ. ಸೆಟಲ್‌ಮೆಂಟ್ ಹಣ ಸಾಲಕ್ಕೆ ಕಟ್ಟು ಅಂತ ಭಾವ ಹೇಳ್ತಾರೆ.*
— ಓದುಗರು, ಬೆಂಗಳೂರು

ಸಂಪಾದಕರ ಉತ್ತರ

ಎಸ್‌ಐಪಿಗಳನ್ನು ಇವತ್ತೇ ನಿಲ್ಲಿಸಿ. ಮಾರುಕಟ್ಟೆ ಇಳಿದಾಗ ನಿಲ್ಲಿಸಬಾರದು ಎನ್ನುವ ಮಾತು ಸಂಬಳ ಬರುತ್ತಿರುವವರಿಗೆ ಹೇಳಿದ್ದು. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ಹೋಗುವ ಆ 35 ಸಾವಿರ ಮನೆಯ ಹದಿಮೂರು ದಿನದ ಖರ್ಚು. ಅದನ್ನು ಹಾಕುತ್ತಾ ಹೋದರೆ ಇವತ್ತು ಕೊಂಡ ಯೂನಿಟ್ಟನ್ನೇ ನಾಲ್ಕು ತಿಂಗಳಲ್ಲಿ ಮಾರಬೇಕಾಗಬಹುದು. ಆಗ ಈಕ್ವಿಟಿ ಫಂಡ್‌ಗಳಲ್ಲಿ ಬೇಗ ಮಾರಿದ್ದಕ್ಕೆ ಸಾಮಾನ್ಯವಾಗಿ ಕಡಿದುಕೊಳ್ಳುವ ಶೇ. 1ರ ಎಕ್ಸಿಟ್ ಲೋಡ್, ಲಾಭವಿದ್ದರೆ ಅದರ ಮೇಲೆ ಶೇ. 20 ತೆರಿಗೆ.

‘ಪಾಸ್’ ಮಾಡಿ ತಾತ್ಕಾಲಿಕವಾಗಿ ತಡೆದಿಡಬೇಕೋ, ರದ್ದು ಮಾಡಬೇಕೋ? ಹೆಚ್ಚಿನ ಫಂಡ್ ಕಂಪನಿಗಳಲ್ಲಿ ಪಾಸ್ ಸೌಲಭ್ಯ ಕೆಲವೇ ತಿಂಗಳಿನದು. ಅವಧಿ ಮುಗಿದ ಕೂಡಲೇ ಕಂತು ತಾನಾಗಿ ಶುರುವಾಗುತ್ತದೆ, ನಿಮಗೆ ನೆನಪಿರುವುದಿಲ್ಲ. ಆಫರ್ ಲೆಟರ್ ಕೈಯಲ್ಲಿದ್ದು ಸೇರುವ ದಿನ ಗೊತ್ತಿದ್ದರೆ ಮಾತ್ರ ಪಾಸ್ ಸಾಕು, ಇಲ್ಲವಾದರೆ ರದ್ದು ಮಾಡಿ. ರದ್ದು ಮಾಡಿದ್ದಕ್ಕೆ ದಂಡವಿಲ್ಲ, ಇರುವ ಯೂನಿಟ್‌ಗಳು ಹಾಗೇ ಇರುತ್ತವೆ. ಯಾವ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಎಸ್‌ಐಪಿ ನೋಂದಾಯಿಸಿದ್ದಿರೋ ಅಲ್ಲೇ ರದ್ದು ಮಾಡಬೇಕು. ಬ್ಯಾಂಕಿನಲ್ಲಿ ಆಟೊಡೆಬಿಟ್ ಮ್ಯಾಂಡೇಟ್ ಮಾತ್ರ ತೆಗೆಸಿದರೆ ಆ ಕಡೆ ಎಸ್‌ಐಪಿ ಜೀವಂತವಾಗಿಯೇ ಇದ್ದು ಕಂತು ವಿಫಲವಾಗುತ್ತಾ ಹೋಗುತ್ತದೆ. ಕಂತಿನ ದಿನ ಎರಡು ಮೂರು ದಿನವಷ್ಟೇ ದೂರವಿದ್ದರೆ ಆ ತಿಂಗಳಿನದು ಹೋಗಿಯೇಬಿಡಬಹುದು, ಅದಕ್ಕೆ ತಡಮಾಡಬೇಡಿ. ಜನ ಎಡವುವುದು ಇಲ್ಲೇ: 3ನೇ ತಾರೀಖು ಎಸ್‌ಐಪಿ ಹಣ ಎಳೆದುಕೊಳ್ಳುತ್ತದೆ, 5ನೇ ತಾರೀಖು ಗೃಹಸಾಲದ ಕಂತಿಗೆ ಖಾತೆಯಲ್ಲಿ ಹಣ ಸಾಲದೆ ಬೌನ್ಸ್ ಆಗುತ್ತದೆ. ಬ್ಯಾಂಕಿನ ಶುಲ್ಕವೂ ಬೀಳುತ್ತದೆ, ಸಿಬಿಲ್ ದಾಖಲೆಗೂ ಕಲೆ.

ಪಿಪಿಎಫ್‌ಗೆ ಮಾತ್ರ ಮಾರ್ಚ್ 31ರೊಳಗೆ 500 ರೂಪಾಯಿ ಹಾಕಿಬಿಡಿ. ಆ ವರ್ಷ ಏನೂ ಹಾಕದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ.

ಇನ್ನು ತಿಂಗಳ ಲೆಕ್ಕ. ಕೈಗೆಟಕುವ ಹಣ ಒಟ್ಟು 7.2 ಲಕ್ಷ. ಅದನ್ನು 80 ಸಾವಿರದಿಂದ ಭಾಗಿಸಿ ‘ಒಂಬತ್ತು ತಿಂಗಳು ಪರವಾಗಿಲ್ಲ’ ಎಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಮೊದಲೇ ತೆಗೆದಿಡಬೇಕು: ಸ್ಕೂಲ್ ಫೀ 1.1 ಲಕ್ಷ, ಆರೋಗ್ಯ ವಿಮೆಗೆ ಸುಮಾರು 30 ಸಾವಿರ, ಟರ್ಮ್ ವಿಮೆಗೆ 22 ಸಾವಿರ ಎಂದಿಟ್ಟುಕೊಳ್ಳೋಣ. ಆರೋಗ್ಯ ವಿಮೆಯನ್ನು ಬೇಕೆಂದೇ ಸೇರಿಸಿದ್ದೇನೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ, ಒಂದು ಆಸ್ಪತ್ರೆ ಬಿಲ್ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಇಷ್ಟನ್ನು ಕಳೆದರೆ ಉಳಿಯುವುದು 5.58 ಲಕ್ಷ, ಅಂದರೆ ಏಳು ತಿಂಗಳು. ಭಾವನವರ ಮಾತು ಕೇಳಿ 2.4 ಲಕ್ಷ ಸಾಲಕ್ಕೆ ಕಟ್ಟಿದರೆ ನಾಲ್ಕೇ ತಿಂಗಳು. ಕಟ್ಟಿದ ಹಣ ಬೇಕೆಂದಾಗ ವಾಪಸ್ ಬರುವುದಿಲ್ಲ, ಮುಂದಿನ ತಿಂಗಳ ಕಂತೂ ತಪ್ಪುವುದಿಲ್ಲ. ಅದು ಬೇಡ.

ಹನ್ನೆರಡು ತಿಂಗಳ ಖರ್ಚು ಷೇರುಪೇಟೆಯ ಏರಿಳಿತಕ್ಕೆ ಸಿಗದ ಜಾಗದಲ್ಲಿ ಇರಲಿ ಎನ್ನುವುದು ನಮ್ಮ ಸಲಹೆ. ಹಾಗಾದರೆ ಇನ್ನೂ 4 ಲಕ್ಷ ಬೇಕು, ಅದಕ್ಕೆ ಮಾರಬೇಕಾದ್ದು ಹಳೇ ಕಂಪನಿಯ ಷೇರು ಮತ್ತು ಐಟಿ ಫಂಡ್. ನಿಮ್ಮ ಯೋಚನೆ ಇದಕ್ಕೆ ಉಲ್ಟಾ ಇದೆ, ಆದ್ದರಿಂದ ಕಾರಣ ಹೇಳುತ್ತೇನೆ. ಐಟಿ ವಲಯ ಇನ್ನಷ್ಟು ಸೊರಗಿದರೆ ನಿಮಗೆ ಕೆಲಸ ಸಿಗುವುದು ತಡವಾಗುತ್ತದೆ, ಅದೇ ಹೊತ್ತಿಗೆ ಈ ಎರಡರ ಬೆಲೆಯೂ ಕುಸಿಯುತ್ತದೆ. ಹಣ ಅತಿ ಹೆಚ್ಚು ಬೇಕಾದ ದಿನವೇ ಅವು ಅತಿ ಕಡಿಮೆ ಬೆಲೆಗೆ ಹೋಗುತ್ತವೆ. ಫ್ಲೆಕ್ಸಿಕ್ಯಾಪ್‌ನಲ್ಲಿ ಬ್ಯಾಂಕು, ಔಷಧ, ವಾಹನ ಎಲ್ಲ ಇರುವುದರಿಂದ ಅದು ನಿಮ್ಮ ಕೆಲಸದ ಜೊತೆ ಅಷ್ಟು ಬಿಗಿಯಾಗಿ ಕಟ್ಟಿಕೊಂಡಿಲ್ಲ. ‘ಹಾಕಿದ ಬೆಲೆಗೆ ಬಂದ ಮೇಲೆ ಮಾರುತ್ತೇನೆ’ ಎಂದು ಕಾಯಬೇಡಿ; ನೀವು ಕೊಂಡ ಬೆಲೆ ಮಾರುಕಟ್ಟೆಗೆ ಗೊತ್ತಿಲ್ಲ.

ಐಟಿ ಫಂಡ್‌ಗೆ ವರ್ಷ ತುಂಬಿಲ್ಲ. ಶೇ. 1 ಎಕ್ಸಿಟ್ ಲೋಡ್ ಇದ್ದರೆ 2 ಸಾವಿರ ಕಡಿದು 1.98 ಲಕ್ಷ ಬರುತ್ತದೆ, ಅಲ್ಪಾವಧಿ ನಷ್ಟ 22 ಸಾವಿರ. ಷೇರಿನಲ್ಲಿ ದೀರ್ಘಾವಧಿ ಲಾಭ 60 ಸಾವಿರ. ನಷ್ಟ ಕಳೆದರೆ ಉಳಿಯುವ ಲಾಭ 38 ಸಾವಿರ. ಈಕ್ವಿಟಿಯ ದೀರ್ಘಾವಧಿ ಲಾಭಕ್ಕೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಆದ್ದರಿಂದ ನಿಮಗೆ ಬೀಳುವ ತೆರಿಗೆ ಸೊನ್ನೆ. ಒಂದು ಎಚ್ಚರ: ಕೆಲಸದಲ್ಲಿದ್ದಾಗ ಕಂಪನಿಯ ಪ್ರಕಟವಾಗದ ಲೆಕ್ಕಪತ್ರಗಳು ನಿಮ್ಮ ಕೈಗೆ ಬರುತ್ತಿದ್ದರೆ, ಷೇರು ಮಾರುವ ಮುನ್ನ ಅಲ್ಲಿನ ಕಂಪ್ಲಯನ್ಸ್ ಅಧಿಕಾರಿಯನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಕೆಲಸ ಬಿಟ್ಟ ಮೇಲೂ ಆರು ತಿಂಗಳು ಇನ್‌ಸೈಡರ್ ನಿಯಮ ಅನ್ವಯಿಸುತ್ತದೆ.

ಎರಡೂ ಸೇರಿ ಬಂದ 4.98 ಲಕ್ಷವನ್ನು ಲಿಕ್ವಿಡ್ ಫಂಡ್‌ನಲ್ಲಿಡಿ, ಬೇರೆ ಷೇರಿಗೆ ಹಾಕಬೇಡಿ. ಅಲ್ಲಿಗೆ ಕೈಯಲ್ಲಿ 10.56 ಲಕ್ಷ, ಹದಿಮೂರು ತಿಂಗಳು. ಖರ್ಚಿಗೆ ಮೊದಲು ಉಳಿತಾಯ ಖಾತೆ, ಆಮೇಲೆ ಲಿಕ್ವಿಡ್ ಫಂಡ್, ಕೊನೆಗೆ ಎಫ್‌ಡಿ. ಅವಧಿಗೆ ಮುಂಚೆ ಮುರಿದರೆ ಎಫ್‌ಡಿ ಬಡ್ಡಿ ಕಡಿಮೆಯಾಗುತ್ತದೆ.

ಫ್ಲೆಕ್ಸಿಕ್ಯಾಪ್ ಮುಟ್ಟುವ ಗಡಿಯನ್ನು ಈಗಲೇ ಬರೆದಿಡಿ: ಕೈಯಲ್ಲಿ ಆರು ತಿಂಗಳ ಖರ್ಚು, ಅಂದರೆ 4.8 ಲಕ್ಷ ಉಳಿದಾಗ. ಈ ಲೆಕ್ಕದಲ್ಲಿ ಅದು ಬರುವುದು ಜುಲೈ ಆರಂಭಕ್ಕೆ. ಆಗಲೂ ಒಟ್ಟಿಗೆ ಮಾರಬೇಡಿ, ಮೂರು ತಿಂಗಳಿಗಾಗುವಷ್ಟು, 2.4 ಲಕ್ಷ ಸಾಕು. ಫಂಡ್‌ನಲ್ಲಿ ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ, ಹಾಗಾಗಿ ಎಕ್ಸಿಟ್ ಲೋಡ್ ಇರುವುದಿಲ್ಲ, ಆದರೆ ಲಾಭದ ಪಾಲು ದೊಡ್ಡದು. 40 ರೂಪಾಯಿಗೆ ಕೊಂಡ ಯೂನಿಟ್ ಈಗ 70 ಇದ್ದರೆ 2.4 ಲಕ್ಷದಲ್ಲಿ ಸುಮಾರು 1.03 ಲಕ್ಷ ಲಾಭ. ಇದನ್ನು ಷೇರು ಮಾರಿದ ವರ್ಷವೇ ಮಾಡಿದ್ದರೆ 38 ಸಾವಿರದ ಜೊತೆ ಕೂಡಿ 1.25 ಲಕ್ಷ ದಾಟಿ, ಮೇಲಿನದಕ್ಕೆ ಶೇ. 12.5 ತೆರಿಗೆ ಬೀಳುತ್ತಿತ್ತು. ಮಾರ್ಚ್ 31 ದಾಟಿದರೆ ಹೊಸ ಹಣಕಾಸು ವರ್ಷದ ಮಿತಿ ಹೊಸದಾಗಿ ಸಿಗುತ್ತದೆ. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂಬ ಮಾತು ನಂಬಿ ಹೆಚ್ಚು ಮಾರಬೇಡಿ, ಆ ರಿಯಾಯಿತಿ ಈಕ್ವಿಟಿಯ ಈ ಲಾಭಕ್ಕೆ ಅನ್ವಯಿಸುವುದಿಲ್ಲ.

ಇಪಿಎಫ್ ಸರದಿ ಎಲ್ಲಕ್ಕಿಂತ ಕೊನೆ. ಒಟ್ಟು ಸೇವೆ ಐದು ವರ್ಷ ತುಂಬದೆ ತೆಗೆದರೆ ಅದಕ್ಕೆ ತೆರಿಗೆಯೂ ಇದೆ. ಹೊಸ ಕೆಲಸ ಸಿಕ್ಕಾಗ ಹಳೇ ಖಾತೆಯನ್ನು ವರ್ಗಾಯಿಸಿಕೊಳ್ಳಿ.

ಮೊದಲ ಸಂಬಳ ಬಂದ ತಿಂಗಳೇ 35 ಸಾವಿರದ ಎಸ್‌ಐಪಿ ಮತ್ತೆ ಶುರುಮಾಡಬೇಡಿ. ಆರು ತಿಂಗಳ ಖರ್ಚು ಲಿಕ್ವಿಡ್ ಫಂಡ್‌ನಲ್ಲಿ ಮತ್ತೆ ತುಂಬುವವರೆಗೆ ಆ ಮೊತ್ತ ಅಲ್ಲಿಗೇ ಹೋಗಲಿ. ಪ್ರೊಬೇಷನ್ ಮುಗಿದ ಮೇಲೆ ಫ್ಲೆಕ್ಸಿಕ್ಯಾಪ್ ಒಂದಕ್ಕೇ ಎಸ್‌ಐಪಿ ತೆರೆಯಿರಿ, ಕಂತಿನ ತಾರೀಖನ್ನು ಗೃಹಸಾಲದ ಕಂತು ಕಳೆದ ನಂತರ, 10ಕ್ಕೆ ಇಡಿ.